ಗ್ಯಾಸ್‌ಲೈಟಿನ ಬೂದಿಯಿಂದ ಸೀಸದವರೆಗೆ: ಬೈಜಿಕ ಸಮೀಕರಣ ಸರಿದೂಗಿಸುವ ಬಗೆ

ಯಕ್ಷಗಾನದ ರಂಗಸ್ಥಳಕ್ಕೂ ಮದುವೆಯ ಚಪ್ಪರಕ್ಕೂ ಗ್ಯಾಸ್‌ಲೈಟು ಹೊತ್ತು ತರುತ್ತಿದ್ದ ಕಾಲವನ್ನು ಕಂಡವರಿಗೆ ಮ್ಯಾಂಟಲ್ ಗೊತ್ತು. ನೂಲಿನ ಪುಟ್ಟ ಚೀಲ ಅದು. ಬರ್ನರಿಗೆ ಕಟ್ಟಿ ಬೆಂಕಿ ತಗುಲಿಸಿದರೆ ನೂಲೆಲ್ಲ ಉರಿದುಹೋಗಿ ಬೂದಿಯ ಬಲೆಯೊಂದು ಉಳಿಯುತ್ತದೆ. ರಾತ್ರಿಯಿಡೀ ಬೆಳಗುವುದು ಆ ಬಲೆಯೇ. ಬೆರಳು ತಾಗಿದರೆ ಪುಡಿಯಾಗುತ್ತದೆ, ಆಮೇಲೆ ಗ್ಯಾಸ್‌ಲೈಟಿನವನಿಂದ ಬೈಗುಳ ತಪ್ಪಿದ್ದಲ್ಲ. ಆ ಬೂದಿಯಲ್ಲಿ ಸುಮಾರು 99 ಪಾಲು ಥೋರಿಯಂ ಆಕ್ಸೈಡ್ ಇರುತ್ತಿತ್ತು, ಒಂದು ಪಾಲು ಸೀರಿಯಂ ಆಕ್ಸೈಡ್. ಈಗಿನ ಎಷ್ಟೋ ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಯಿಟ್ರಿಯಂ ಬಂದಿದೆ. ಏಕೆಂದರೆ ಥೋರಿಯಂ ವಿಕಿರಣಪಟು ಧಾತು. ನಾವು ಆಟ, ತೇರು, ತಾಳಮದ್ದಳೆ ನೋಡುತ್ತ ಕುಳಿತಿದ್ದಾಗಲೂ ತಲೆಯ ಮೇಲಿನ ಬೂದಿಯಲ್ಲಿ ಥೋರಿಯಂ ಪರಮಾಣುಗಳು ಒಂದೊಂದಾಗಿ ಸೀಸದ ದಾರಿ ಹಿಡಿದಿದ್ದವು.

ಆಲ್ಫಾ, ಬೀಟಾ, ಗಾಮಾ ಕ್ಷಯಗಳನ್ನೂ ಅವುಗಳ ಸಮೀಕರಣ ಬರೆಯುವುದನ್ನೂ ಕಲಿಯಲು ಈ ದಾರಿಗಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ. ಪಠ್ಯದಲ್ಲಿ ಯುರೇನಿಯಂ ಉದಾಹರಣೆ ಬರುವುದೇ ಹೆಚ್ಚು. ಆದರೆ ಯುರೇನಿಯಂನ ಸರಣಿ ಉದ್ದ. ಥೋರಿಯಂನದು ಹತ್ತೇ ಹೆಜ್ಜೆ, ಜೊತೆಗೆ ಕೊನೆಯಲ್ಲೊಂದು ಕವಲು. ಪೆನ್ನು, ಹಾಳೆ ಮತ್ತು ಒಂದು ಆವರ್ತಕ ಕೋಷ್ಟಕ ಪಕ್ಕದಲ್ಲಿಟ್ಟುಕೊಂಡು ಓದಿ.

ಮೇಲಿನ ಅಂಕೆ, ಕೆಳಗಿನ ಅಂಕೆ

ಥೋರಿಯಂನ ಸಂಕೇತವನ್ನು ಹೀಗೆ ಬರೆಯುತ್ತೇವೆ:

²³²₉₀Th

ಮೇಲಿನ 232 ರಾಶಿ ಸಂಖ್ಯೆ. ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆ. ಕೆಳಗಿನ 90 ಪರಮಾಣು ಸಂಖ್ಯೆ, ಅಂದರೆ ಪ್ರೋಟಾನ್‌ಗಳು ಎಷ್ಟು ಎಂಬುದು. ಧಾತು ಯಾವುದು ಎಂದು ನಿರ್ಧರಿಸುವುದು ಕೆಳಗಿನ ಅಂಕೆ ಮಾತ್ರ. 90 ಇದ್ದರೆ ಅದು ಥೋರಿಯಂ, ಮೇಲೆ ಏನೇ ಇರಲಿ. 88 ಇದ್ದರೆ ರೇಡಿಯಂ. ಹೀಗಾಗಿ ಧಾತುವಿನ ಹೆಸರನ್ನು ಊಹಿಸುವ ಅಗತ್ಯವೇ ಬರುವುದಿಲ್ಲ. ಕೆಳಗಿನ ಅಂಕೆ ಸಿಕ್ಕ ಮೇಲೆ ಕೋಷ್ಟಕ ನೋಡಿ ಹೆಸರು ಬರೆದರಾಯಿತು.

ನಿಯಮ ಒಂದೇ ಸಾಲಿನದು: ಬಾಣದ ಎಡಗಡೆಯ ಮೇಲಿನ ಅಂಕೆಗಳ ಮೊತ್ತ ಬಲಗಡೆಯ ಮೇಲಿನ ಅಂಕೆಗಳ ಮೊತ್ತಕ್ಕೆ ಸಮ, ಎಡಗಡೆಯ ಕೆಳಗಿನ ಮೊತ್ತ ಬಲಗಡೆಯ ಕೆಳಗಿನ ಮೊತ್ತಕ್ಕೆ ಸಮ.

ಇಲ್ಲೊಂದು ಸೂಕ್ಷ್ಮ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಬೀಟಾ ಕ್ಷಯದಲ್ಲಿ ಎಡವುವವರೆಲ್ಲ ಎಡವುವುದು ಇಲ್ಲಿಯೇ. ನ್ಯೂಕ್ಲಿಯಸ್ಸಿನ ಮಟ್ಟಿಗೆ ಕೆಳಗಿನ ಅಂಕೆ ಪ್ರೋಟಾನ್‌ಗಳ ಎಣಿಕೆ ನಿಜ. ಆದರೆ ಸಮೀಕರಣದಲ್ಲಿ ಅದು ಮಾಡುವ ಕೆಲಸ ವಿದ್ಯುದಾವೇಶದ ಲೆಕ್ಕ. ಪ್ರೋಟಾನಿನ ಆವೇಶ +1 ಆದ್ದರಿಂದ ಎರಡೂ ಒಂದೇ ಆಗಿ ಕಾಣುತ್ತವೆ. ಎಲೆಕ್ಟ್ರಾನಿನಲ್ಲಿ ಪ್ರೋಟಾನ್ ಇಲ್ಲವಲ್ಲ, ಅದರ ಕೆಳಗೆ ಸೊನ್ನೆ ಬರೆಯಬೇಡವೇ ಎಂದು ಕೇಳಿದರೆ, ಬೇಡ. ಅದರ ಆವೇಶ −1, ಕೆಳಗೆ ಬರುವುದು −1.

ಮೊದಲ ಹೆಜ್ಜೆ: ಆಲ್ಫಾ

ಥೋರಿಯಂ-232 ಆಲ್ಫಾ ಕಣವನ್ನು ಹೊರದೂಡುತ್ತದೆ. ಆಲ್ಫಾ ಕಣವೆಂದರೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಂಟು, ಹೀಲಿಯಂನ ನ್ಯೂಕ್ಲಿಯಸ್. ಆದ್ದರಿಂದ ಮೇಲೆ 4, ಕೆಳಗೆ 2.

ಮೊದಲು ಉತ್ತರದ ಜಾಗವನ್ನು ಖಾಲಿ ಬಿಟ್ಟು ಬರೆಯಿರಿ:

²³²₉₀Th → ? + ⁴₂He

ಮೇಲಿನ ಸಾಲು: 232 − 4 = 228. ಕೆಳಗಿನ ಸಾಲು: 90 − 2 = 88. ಕೋಷ್ಟಕದಲ್ಲಿ 88 ಯಾರು? ರೇಡಿಯಂ.

²³²₉₀Th → ²²⁸₈₈Ra + ⁴₂He

ಬರೆದಾದ ಮೇಲೆ ತಿರುಗಿ ಕೂಡಿಸಿ. 228 + 4 = 232, 88 + 2 = 90. ಸರಿ.

ಇದನ್ನು ಪಾಠ ಮಾಡುವಾಗ ವರ್ಷಕ್ಕೊಬ್ಬರಾದರೂ ಎರಡು ಪ್ರಶ್ನೆ ಕೇಳುತ್ತಾರೆ, ಎರಡೂ ಒಳ್ಳೆಯ ಪ್ರಶ್ನೆಗಳೇ. ಮೊದಲನೆಯದು ಎಲೆಕ್ಟ್ರಾನ್‌ಗಳ ಗತಿ. ಥೋರಿಯಂ ಪರಮಾಣುವಿನ ಸುತ್ತ 90 ಎಲೆಕ್ಟ್ರಾನ್‌ಗಳಿದ್ದವು, ರೇಡಿಯಂಗೆ 88 ಸಾಕು, ಉಳಿದ ಎರಡು ಎಲ್ಲಿ? ಅವು ಸುತ್ತಲಿನ ವಸ್ತುವಿನಲ್ಲಿ ಸೇರಿಹೋಗುತ್ತವೆ, ಆಲ್ಫಾ ಕಣ ತನ್ನ ವೇಗ ಕಳೆದುಕೊಂಡು ನಿಂತಾಗ ಎಲ್ಲಿಂದಲೋ ಎರಡು ಎಲೆಕ್ಟ್ರಾನ್ ಹಿಡಿದು ಸಾಮಾನ್ಯ ಹೀಲಿಯಂ ಅನಿಲವಾಗುತ್ತದೆ. ಬೈಜಿಕ ಸಮೀಕರಣ ಈ ಹೊರಗಿನ ಎಲೆಕ್ಟ್ರಾನ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನ್ಯೂಕ್ಲಿಯಸ್ಸುಗಳ ನಡುವಿನ ವ್ಯವಹಾರ ಮಾತ್ರ. ಹಾಗಾಗಿ ಹೀಲಿಯಂನ ಹೆಗಲಿಗೆ ²⁺ ಎಂದು ಬರೆಯುವುದು ಬೇಕಾಗಿಲ್ಲ.

ಎರಡನೆಯ ಪ್ರಶ್ನೆ: ಮೇಲಿನ ಅಂಕೆ ಸರಿಹೊಂದಿದರೆ ದ್ರವ್ಯರಾಶಿಯೂ ಸರಿಹೊಂದಿತು ಎಂದೇ? ಅಲ್ಲ. ಥೋರಿಯಂ-232 ಪರಮಾಣುವಿನ ದ್ರವ್ಯರಾಶಿ 232.0381 ಏಕಮಾನ. ರೇಡಿಯಂ-228ರದು 228.0311, ಹೀಲಿಯಂನದು 4.0026. ಎರಡನ್ನೂ ಕೂಡಿದರೆ 232.0337. ಸುಮಾರು 0.0044 ಏಕಮಾನ ಕಡಿಮೆ ಬಿತ್ತು. ಕಡಿಮೆಯಾದದ್ದು ಶಕ್ತಿಯಾಗಿದೆ, ಸುಮಾರು 4.08 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಆಲ್ಫಾ ಕಣ ಓಡುವುದು ಈ ಶಕ್ತಿಯಿಂದಲೇ. ರಾಶಿ ಸಂಖ್ಯೆ ತೂಕವಲ್ಲ, ತಲೆ ಎಣಿಕೆ. ತಲೆಗಳು ಅಷ್ಟೇ ಇವೆ, ತೂಕ ಕೊಂಚ ಇಳಿದಿದೆ.

ಬೀಟಾ: ಕಳೆಯುವಲ್ಲಿ ಕೂಡಬೇಕು

ಹುಟ್ಟಿದ ರೇಡಿಯಂ-228 ಬೀಟಾ ಕಣವನ್ನು ಉಗುಳುತ್ತದೆ. ಬೀಟಾ ಕಣವೆಂದರೆ ವೇಗವಾಗಿ ಚಿಮ್ಮಿದ ಎಲೆಕ್ಟ್ರಾನ್. ಮೇಲೆ 0, ಕೆಳಗೆ −1.

ಒಂದು ಉತ್ತರಪತ್ರಿಕೆಯಲ್ಲಿ ಕಂಡ ಸಾಲು ಇದು:

²²⁸₈₈Ra → ²²⁸₈₇Fr + ⁰₋₁e

ಹುಡುಗಿ ಜಾಣೆಯೇ. ಆಲ್ಫಾದಲ್ಲಿ ಎರಡು ಕಳೆದೆವು, ಇಲ್ಲಿ ಒಂದು ಹೊರಗೆ ಹೋಯಿತು, ಒಂದು ಕಳೆಯೋಣ ಎಂದುಕೊಂಡಿದ್ದಾಳೆ. ಕೂಡಿ ನೋಡಿದ್ದರೆ ತಪ್ಪು ಅಲ್ಲಿಯೇ ಸಿಗುತ್ತಿತ್ತು: 87 + (−1) = 86. ಎಡಗಡೆ ಇರುವುದು 88. ಎರಡರ ಅಂತರ. ಬೀಟಾದಲ್ಲಿ ತಪ್ಪು ದಿಕ್ಕಿಗೆ ಹೋದರೆ ಯಾವಾಗಲೂ ಎರಡರ ಅಂತರವೇ ಬರುತ್ತದೆ. ಅದನ್ನೇ ಗುರುತಾಗಿ ಇಟ್ಟುಕೊಳ್ಳಬಹುದು.

ಸರಿಯಾದ ಲೆಕ್ಕ: ಎಡಗಡೆ 88 ಇದೆ. ಬಲಗಡೆ ಯಾವ ಸಂಖ್ಯೆಗೆ −1 ಸೇರಿಸಿದರೆ 88 ಆಗುತ್ತದೆ? 89. ಅದು ಆಕ್ಟಿನಿಯಂ.

²²⁸₈₈Ra → ²²⁸₈₉Ac + ⁰₋₁e

ಸಾಲವನ್ನು ಹೊರಗೆ ದಾಟಿಸಿದವನ ಕೈಯಲ್ಲಿ ಒಂದು ರೂಪಾಯಿ ಹೆಚ್ಚಾದಂತೆ, ಋಣ ಒಂದು ಹೊರಗೆ ಹೋದಾಗ ಒಳಗೆ ಧನ ಒಂದು ಹೆಚ್ಚಿತು. ಲೆಕ್ಕ ಹೀಗಾದರೆ ನ್ಯೂಕ್ಲಿಯಸ್ಸಿನ ಒಳಗೆ ನಡೆದದ್ದೇನು? ಒಂದು ನ್ಯೂಟ್ರಾನ್ ಪ್ರೋಟಾನ್ ಆಯಿತು:

¹₀n → ¹₁p + ⁰₋₁e + ν̄

ತಲೆ ಎಣಿಕೆ ಬದಲಾಗಿಲ್ಲ, ಒಂದು ಹೋಗಿ ಇನ್ನೊಂದು ಬಂತು. ಅದಕ್ಕೇ ಮೇಲಿನ 228 ಹಾಗೆಯೇ ಉಳಿಯಿತು. ಪ್ರೋಟಾನ್ ಒಂದು ಹೆಚ್ಚಿತು, ಅದಕ್ಕೇ ಕೆಳಗಿನದು ಏರಿತು. ಎಲೆಕ್ಟ್ರಾನ್ ಮೊದಲಿನಿಂದ ಒಳಗೆ ಅವಿತಿರಲಿಲ್ಲ, ಅದು ಹುಟ್ಟಿದ್ದೇ ಆ ಕ್ಷಣದಲ್ಲಿ. ಪರಮಾಣುವಿನ ಸುತ್ತ ತಿರುಗುವ ಎಲೆಕ್ಟ್ರಾನ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ.

ಕೊನೆಯ ಚಿಹ್ನೆ ಆಂಟಿನ್ಯೂಟ್ರಿನೊ. ಅದಕ್ಕೆ ಮೇಲೆಯೂ ಸೊನ್ನೆ, ಕೆಳಗೆಯೂ ಸೊನ್ನೆ, ಆದ್ದರಿಂದ ನಮ್ಮ ಎರಡು ಸಾಲುಗಳನ್ನು ಅದು ಮುಟ್ಟುವುದೇ ಇಲ್ಲ. ಅದನ್ನು ಬರೆಯದಿದ್ದರೂ ಅಂಕೆಗಳು ಸರಿಹೊಂದುತ್ತವೆ, ಮುಂದಿನ ಸಾಲುಗಳಲ್ಲಿ ನಾನೂ ಬಿಡುತ್ತೇನೆ. ಹಾಗಾದರೆ ಅದೇಕೆ ಬೇಕು? ಬೀಟಾ ಕಣಗಳು ಒಂದೇ ಶಕ್ತಿಯಿಂದ ಹೊರಬರುವುದಿಲ್ಲ, ಕೆಲವು ನಿಧಾನ, ಕೆಲವು ವೇಗ. ಉಳಿದ ಶಕ್ತಿಯನ್ನು ಕಣ್ಣಿಗೆ ಬೀಳದ ಇನ್ನೊಂದು ಕಣ ಹೊತ್ತೊಯ್ಯುತ್ತಿರಬೇಕು ಎಂದು 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಸೂಚಿಸಿದರು. ಈ ಕುಲದ ಕಣಗಳನ್ನು ಹಿಡಿಯುವುದು ಬಲು ಕಷ್ಟ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಸಿಕ್ಕಿತ್ತು. ಚಿನ್ನ ತೆಗೆದ ಗುಂಡಿ ಭೌತವಿಜ್ಞಾನಕ್ಕೂ ಒದಗಿತು. ಪರೀಕ್ಷೆಯಲ್ಲಿ ಆಂಟಿನ್ಯೂಟ್ರಿನೊ ಬರೆಯಿರಿ ಎಂದು ಕೇಳಿದ್ದರೆ ಮಾತ್ರ ಮರೆಯಬೇಡಿ.

ಈಗ ಆಕ್ಟಿನಿಯಂ. ಅದೂ ಬೀಟಾವನ್ನೇ ಬಿಡುತ್ತದೆ. ಕೈಯಲ್ಲೇ ಮಾಡಿ: ಮೇಲೆ 228, ಕೆಳಗೆ 89 ಇದ್ದದ್ದು 90.

²²⁸₈₉Ac → ²²⁸₉₀Th + ⁰₋₁e

ಮತ್ತೆ ಥೋರಿಯಂ! ಒಂದು ಆಲ್ಫಾ ಎರಡು ಮೆಟ್ಟಿಲು ಇಳಿಸಿತು, ಎರಡು ಬೀಟಾ ಒಂದೊಂದೇ ಮೆಟ್ಟಿಲು ಹತ್ತಿಸಿ ಹೊರಟಲ್ಲಿಗೇ ತಂದು ನಿಲ್ಲಿಸಿದವು. ಧಾತು ಅದೇ, ಆದರೆ ನಾಲ್ಕು ನ್ಯೂಟ್ರಾನ್ ಕಡಿಮೆ. ಒಂದೇ ಧಾತುವಿನ ಇಂಥ ಭಿನ್ನ ರೂಪಗಳೇ ಸಮಸ್ಥಾನಿಗಳು. ಆವರ್ತಕ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವವು.

ಈ ಸಾಲಿಗೆ ಒಂದು ಹಿನ್ನೆಲೆ ಇದೆ. 1905ರಲ್ಲಿ ಒಟ್ಟೊ ಹಾನ್ ಥೋರಿಯಂ ಖನಿಜದಲ್ಲಿ ಹೊಸದೊಂದು ವಿಕಿರಣಪಟು ವಸ್ತುವನ್ನು ಕಂಡು ರೇಡಿಯೋಥೋರಿಯಂ ಎಂದು ಕರೆದರು. 1907ರಲ್ಲಿ ಇನ್ನೊಂದಕ್ಕೆ ಮೆಸೋಥೋರಿಯಂ ಎಂದು ಹೆಸರಿಟ್ಟರು. ಆಗಿನವರಿಗೆ ಇವೆಲ್ಲ ಹೊಸ ಧಾತುಗಳೇ. ಆದರೆ ರೇಡಿಯೋಥೋರಿಯಂ ಅನ್ನು ಥೋರಿಯಂನಿಂದ, ಮೆಸೋಥೋರಿಯಂ ಅನ್ನು ರೇಡಿಯಂನಿಂದ ರಾಸಾಯನಿಕವಾಗಿ ಬೇರ್ಪಡಿಸಲು ಯಾರಿಂದಲೂ ಆಗಲಿಲ್ಲ. ಆಗುವುದಾದರೂ ಹೇಗೆ? ಮೇಲಿನ ಮೂರು ಸಮೀಕರಣ ನೋಡಿ: ರೇಡಿಯೋಥೋರಿಯಂ ಎಂದರೆ ಥೋರಿಯಂ-228, ಮೆಸೋಥೋರಿಯಂ ಎಂದರೆ ರೇಡಿಯಂ-228. 1913ರಲ್ಲಿ ಫ್ರೆಡರಿಕ್ ಸಾಡಿ ಮತ್ತು ಕಾಸಿಮಿರ್ ಫಾಯನ್ಸ್ ಆಲ್ಫಾ ಹೊರಟರೆ ಕೋಷ್ಟಕದಲ್ಲಿ ಎಡಕ್ಕೆ ಎರಡು ಮನೆ, ಬೀಟಾ ಹೊರಟರೆ ಬಲಕ್ಕೆ ಒಂದು ಮನೆ ಎಂಬ ನಿಯಮವನ್ನು ಕಂಡ ಮೇಲೆ ಈ ಗೋಜಲು ಬಿಡಿಸಿತು. ನಾವು ಇಂದು ಐದು ನಿಮಿಷದಲ್ಲಿ ಕೂಡಿ ಕಳೆಯುವುದು ಅದೇ ನಿಯಮವನ್ನು.

ಇಳಿಜಾರು

ಥೋರಿಯಂ-228ರಿಂದ ಮುಂದಕ್ಕೆ ಸತತವಾಗಿ ನಾಲ್ಕು ಆಲ್ಫಾ. ಇಲ್ಲಿ ನಿಂತು ವಿವರಿಸುವುದೇನೂ ಇಲ್ಲ. ಪ್ರತಿ ಸಲ ಮೇಲೆ ನಾಲ್ಕು, ಕೆಳಗೆ ಎರಡು ಕಳೆಯುತ್ತ ಹೋಗಿ, ಆಮೇಲೆ ಇದರೊಡನೆ ಹೋಲಿಸಿ:

²²⁸₉₀Th → ²²⁴₈₈Ra + ⁴₂He

²²⁴₈₈Ra → ²²⁰₈₆Rn + ⁴₂He

²²⁰₈₆Rn → ²¹⁶₈₄Po + ⁴₂He

²¹⁶₈₄Po → ²¹²₈₂Pb + ⁴₂He

ನಡುವಿನ ರೇಡಾನ್-220 ಅನಿಲ. ಉಳಿದವೆಲ್ಲ ಘನವಸ್ತುಗಳಾಗಿ ಹುಟ್ಟಿದಲ್ಲೇ ಉಳಿದರೆ ಇದು ಮಾತ್ರ ಮ್ಯಾಂಟಲಿನ ಬೂದಿಯಿಂದ, ಮರಳಿನ ಕಣದಿಂದ ಹೊರಗೆ ಹಾರಬಲ್ಲದು. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 56 ಸೆಕೆಂಡು, ಹಾಗಾಗಿ ದೂರ ಹೋಗುವಷ್ಟರಲ್ಲಿ ಪೊಲೋನಿಯಂ ಆಗಿಬಿಟ್ಟಿರುತ್ತದೆ. ಥೋರಿಯಂನಿಂದ ಏನೋ ಆವಿಯಂಥದ್ದು ಹೊಮ್ಮುತ್ತದೆ, ಬಾಗಿಲು ತೆರೆದು ಗಾಳಿಯಾಡಿದರೆ ಅಳತೆ ಏರುಪೇರಾಗುತ್ತದೆ ಎಂಬ ಗೊಂದಲವೇ ರುದರ್‌ಫೋರ್ಡರನ್ನು ಈ ಅನಿಲದ ಬೆನ್ನು ಹತ್ತಿಸಿದ್ದು.

ಸಾಲಿನ ಕೊನೆಯಲ್ಲಿ ಸೀಸ ಬಂತಲ್ಲ, ಮುಗಿಯಿತೇ ಎಂದರೆ ಇಲ್ಲ. ಇದು ಸೀಸ-212, ಅಸ್ಥಿರ. ಕೆಳಗಿನ ಅಂಕೆ 82 ಬಂದೊಡನೆ ಪೆನ್ನು ಕೆಳಗಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಸ್ಥಿರವೋ ಅಲ್ಲವೋ ಎಂಬುದನ್ನು ಎರಡೂ ಅಂಕೆ ಸೇರಿ ಹೇಳುತ್ತವೆ, ಒಂದು ಹೇಳುವುದಿಲ್ಲ. ಸೀಸ-212 ಬೀಟಾ ಬಿಟ್ಟು ಬಿಸ್ಮತ್ ಆಗುತ್ತದೆ:

²¹²₈₂Pb → ²¹²₈₃Bi + ⁰₋₁e

ಕವಲು, ಮತ್ತು ಗಾಮಾ

ಬಿಸ್ಮತ್-212ರಲ್ಲಿ ದಾರಿ ಎರಡಾಗುತ್ತದೆ. ನೂರು ಬಿಸ್ಮತ್ ನ್ಯೂಕ್ಲಿಯಸ್ಸುಗಳಲ್ಲಿ ಸುಮಾರು 64 ಬೀಟಾ ಬಿಡುತ್ತವೆ, 36 ಆಲ್ಫಾ ಬಿಡುತ್ತವೆ. ಯಾವುದು ಯಾವ ದಾರಿ ಹಿಡಿಯುತ್ತದೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ.

ಮೊದಲ ದಾರಿ, ಬೀಟಾ, ನಂತರ ಆಲ್ಫಾ:

²¹²₈₃Bi → ²¹²₈₄Po + ⁰₋₁e

²¹²₈₄Po → ²⁰⁸₈₂Pb + ⁴₂He

ಎರಡನೆಯ ದಾರಿ, ಆಲ್ಫಾ, ನಂತರ ಬೀಟಾ:

²¹²₈₃Bi → ²⁰⁸₈₁Tl + ⁴₂He

²⁰⁸₈₁Tl → ²⁰⁸₈₂Pb + ⁰₋₁e

ಎರಡೂ ತಲುಪುವುದು ಸೀಸ-208ಕ್ಕೆ. ಅದು ಸ್ಥಿರ, ಪಯಣ ಅಲ್ಲಿಗೆ ನಿಂತಿತು. ನಾಲ್ಕು ಕಳೆದು ಆಮೇಲೆ ಸೊನ್ನೆ ಕಳೆದರೂ, ಸೊನ್ನೆ ಕಳೆದು ಆಮೇಲೆ ನಾಲ್ಕು ಕಳೆದರೂ ಉಳಿಯುವುದು ಒಂದೇ. ಕ್ರಮ ಬದಲಾದರೂ ಮೊತ್ತ ಬದಲಾಗದು ಎಂಬ ಈ ಮಾತು ಇನ್ನು ಸ್ವಲ್ಪ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಇಲ್ಲಿಯವರೆಗೆ ಗಾಮಾ ಎಲ್ಲೂ ಬರಲಿಲ್ಲ. ಬಂದಿತ್ತು, ನಾನು ಬರೆದಿರಲಿಲ್ಲ ಅಷ್ಟೇ. ಥ್ಯಾಲಿಯಂನ ಸಾಲನ್ನು ಹತ್ತಿರದಿಂದ ನೋಡೋಣ. ಥ್ಯಾಲಿಯಂ-208 ಬೀಟಾ ಬಿಟ್ಟಾಗ ಹುಟ್ಟುವ ಸೀಸದ ನ್ಯೂಕ್ಲಿಯಸ್ಸು ಶಾಂತವಾಗಿರುವುದಿಲ್ಲ, ಹೆಚ್ಚುವರಿ ಶಕ್ತಿ ತುಂಬಿಕೊಂಡು ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ. ಅದನ್ನು ನಕ್ಷತ್ರ ಚಿಹ್ನೆಯಿಂದ ತೋರಿಸುವುದು ರೂಢಿ:

²⁰⁸₈₁Tl → ²⁰⁸₈₂Pb* + ⁰₋₁e

²⁰⁸₈₂Pb* → ²⁰⁸₈₂Pb + ⁰₀γ

ಗಾಮಾ ಕಣವಲ್ಲ ಎಂದು ಹಳೆಯ ಪಾಠಗಳು ಹೇಳುತ್ತಿದ್ದವು, ಬೆಳಕಿನ ಬಂಧು. ತಲೆ ಎಣಿಕೆಗೂ ಇಲ್ಲ, ಆವೇಶವೂ ಇಲ್ಲ. ಮೇಲೂ ಕೆಳಗೂ ಸೊನ್ನೆ. ಎರಡನೆಯ ಸಾಲಿನಲ್ಲಿ ಎಡಬಲಗಳೆರಡರಲ್ಲೂ 208 ಮತ್ತು 82 ಇವೆ, ಹೋದದ್ದು ನಕ್ಷತ್ರ ಚಿಹ್ನೆ ಮಾತ್ರ. ಆದ್ದರಿಂದ ಗಾಮಾ ಹೊರಟಾಗ ಹೊಸ ಧಾತು ಹುಟ್ಟಿತೆಂದು ಬರೆದರೆ ಅದು ತಪ್ಪೇ ಸರಿ.

ಅಂಕೆಯ ಲೆಕ್ಕಕ್ಕೆ ಸಿಗದ ಈ ಗಾಮಾ ಉಪಕರಣಕ್ಕೆ ಮಾತ್ರ ಚೆನ್ನಾಗಿ ಸಿಗುತ್ತದೆ. ಆಲ್ಫಾವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಬೀಟಾವನ್ನು ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಡೆಯುತ್ತದೆ. ಗಾಮಾ ಮರಳನ್ನು ದಾಟಿ ಹೊರಗೆ ಬರುತ್ತದೆ. ಮೇಲಿನ ಸೀಸ ಶಾಂತವಾಗುವಾಗ ಬಿಡುವ ಗಾಮಾದ ಶಕ್ತಿ 2.61 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಅದೇ ಅದರ ಸಹಿ. ಮಂಗಳೂರಿನ ಬಳಿಯ ಉಳ್ಳಾಲದ ಕಡಲತೀರದಲ್ಲಿ, ಕೇರಳದ ಚವರದಲ್ಲಿ ಇರುವ ಮೋನಜೈಟ್ ಮರಳಿನಲ್ಲಿ ಥೋರಿಯಂ ಇದೆ. ಅಂಥ ಮರಳಿನ ಮಾದರಿಯನ್ನು ಗಾಮಾ ಮಾಪಕದ ಮುಂದಿಟ್ಟರೆ ಈ 2.61ರ ಗೆರೆ ಎದ್ದು ಕಾಣುತ್ತದೆ. ಗೆರೆ ಬರೆದದ್ದು ಸರಣಿಯ ತೀರ ಕೊನೆಯ ನ್ಯೂಕ್ಲಿಯಸ್, ಸುಳಿವು ಸಿಗುವುದು ಮೊದಲ ಥೋರಿಯಂನದು.

ಗಾಮಾ ಸಾಮಾನ್ಯವಾಗಿ ಹೀಗೆ ಆಲ್ಫಾದ ಅಥವಾ ಬೀಟಾದ ಬೆನ್ನಿಗೇ ಬರುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್-60 ಗಾಮಾ ಮೂಲವೆಂದು ಹೆಸರಾಗಿದ್ದರೂ ಮೊದಲು ಬಿಡುವುದು ಬೀಟಾ. ಅದರಿಂದ ಹುಟ್ಟಿದ ನಿಕಲ್-60 ಶಾಂತವಾಗುವಾಗ ಗಾಮಾ. ಕೋಬಾಲ್ಟ್ ನೇರವಾಗಿ ಗಾಮಾ ಬಿಟ್ಟು ಕೋಬಾಲ್ಟ್ ಆಗಿಯೇ ಉಳಿಯಿತೆಂದು ಬರೆದರೆ ಅಂಕೆಗಳು ಸರಿಹೊಂದುತ್ತವೆ, ಉತ್ತರ ಮಾತ್ರ ತಪ್ಪು.

ನಡುವಿನ ಹೆಜ್ಜೆ ಗೊತ್ತಿಲ್ಲದೆ ಲೆಕ್ಕ ಹಾಕುವುದು

ಪರೀಕ್ಷೆಯ ಅಚ್ಚುಮೆಚ್ಚಿನ ಪ್ರಶ್ನೆ ಇದು: ಥೋರಿಯಂ-232 ಸೀಸ-208 ಆಗುವಾಗ ಎಷ್ಟು ಆಲ್ಫಾ, ಎಷ್ಟು ಬೀಟಾ ಹೊರಬರುತ್ತವೆ? ಸರಣಿಯನ್ನು ಕಂಠಪಾಠ ಮಾಡಿರುವ ಅಗತ್ಯವಿಲ್ಲ. ಕ್ರಮ ಬದಲಾದರೂ ಮೊತ್ತ ಬದಲಾಗದು ಎಂದೆನಲ್ಲ, ಅದೇ ಸಾಕು.

ಯಾವಾಗಲೂ ಮೇಲಿನ ಅಂಕೆಯಿಂದ ಶುರು ಮಾಡಿ. ಕಾರಣ ಸರಳ: ಮೇಲಿನ ಅಂಕೆಯನ್ನು ಬದಲಿಸಬಲ್ಲದ್ದು ಆಲ್ಫಾ ಒಂದೇ, ಬೀಟಾ ಗಾಮಾಗಳಿಗೆ ಅಲ್ಲಿ ಪ್ರವೇಶವಿಲ್ಲ. 232 − 208 = 24. ಒಂದೊಂದು ಆಲ್ಫಾಕ್ಕೆ ನಾಲ್ಕರಂತೆ 24 ÷ 4 = 6 ಆಲ್ಫಾ.

ಈಗ ಕೆಳಗಿನ ಅಂಕೆಗೆ ಬನ್ನಿ. ಆರು ಆಲ್ಫಾಗಳು ಹನ್ನೆರಡು ಕಳೆದವು: 90 − 12 = 78. ಆದರೆ ಸೀಸದ್ದು 82. ನಾಲ್ಕು ಕಡಿಮೆ ಇದೆ. ಒಂದೊಂದು ಬೀಟಾ ಒಂದೊಂದು ಏರಿಸುತ್ತದೆ. ಹಾಗಾದರೆ 4 ಬೀಟಾ.

²³²₉₀Th → ²⁰⁸₈₂Pb + 6 ⁴₂He + 4 ⁰₋₁e

ನಾವು ನಡೆದು ಬಂದ ದಾರಿಯನ್ನು ಎಣಿಸಿ ನೋಡಿ. ಕವಲಿನ ಯಾವ ಕಡೆ ಹೋದರೂ ಆಲ್ಫಾ ಆರು, ಬೀಟಾ ನಾಲ್ಕು.

ಕೆಳಗಿನ ಅಂಕೆಯಿಂದ ಶುರು ಮಾಡಿದವರು ಸಿಕ್ಕಿಬೀಳುತ್ತಾರೆ. 90ರಿಂದ 82ಕ್ಕೆ ಎಂಟು ಇಳಿದಿದೆ, ಆದ್ದರಿಂದ ನಾಲ್ಕು ಆಲ್ಫಾ ಎಂದುಬಿಡುತ್ತಾರೆ. ಆ ಎಂಟರಲ್ಲಿ ಆಲ್ಫಾದ ಇಳಿತವೂ ಬೀಟಾದ ಏರಿಕೆಯೂ ಬೆರೆತಿವೆ, ಮೊದಲು ಒಂದನ್ನು ಬಿಡಿಸದೆ ಇನ್ನೊಂದು ಸಿಗುವುದಿಲ್ಲ.

ಮೇಲಿನ ಅಂಕೆ ನಾಲ್ಕು ನಾಲ್ಕಾಗಿ ಮಾತ್ರ ಇಳಿಯುವುದರಿಂದ ಇನ್ನೊಂದು ಪರೀಕ್ಷೆಯೂ ಸಿಗುತ್ತದೆ. 232ನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಸೊನ್ನೆ. ಆದ್ದರಿಂದ ಈ ಸರಣಿಯ ಪ್ರತಿಯೊಂದು ರಾಶಿ ಸಂಖ್ಯೆಯೂ ನಾಲ್ಕರ ಮಗ್ಗಿಯಲ್ಲೇ ಇರಬೇಕು: 228, 224, 220, 216, 212, 208. ನಿಮ್ಮ ಹಾಳೆಯಲ್ಲಿ ನಡುವೆ ಎಲ್ಲಾದರೂ 226 ಅಥವಾ 214 ಕಾಣಿಸಿದರೆ ಅಲ್ಲಿಗಿಂತ ಹಿಂದೆ ಕಳೆಯುವಲ್ಲಿ ತಪ್ಪಿದ್ದೀರಿ. ಹಾಗೆಯೇ ಥೋರಿಯಂ-232 ಎಂದೂ ಸೀಸ-206 ಆಗಲಾರದು, 26ನ್ನು ನಾಲ್ಕು ಭಾಗಿಸುವುದಿಲ್ಲ. ಯುರೇನಿಯಂ-238ಕ್ಕೆ ಶೇಷ ಎರಡು, ಸೀಸ-206ಕ್ಕೂ ಎರಡು, ಅದು ಅಲ್ಲಿಗೆ ಹೋಗುತ್ತದೆ. ಯುರೇನಿಯಂನ ಪರಮಾಣು ಸಂಖ್ಯೆ 92 ಎಂದಷ್ಟೇ ಹೇಳಿ ಆಲ್ಫಾ ಬೀಟಾಗಳ ಲೆಕ್ಕವನ್ನು ನಿಮಗೆ ಬಿಡುತ್ತೇನೆ. ಎಂಟು ಮತ್ತು ಆರು ಬರಬೇಕು.

ಒಳಗೆ ಬರುವ ಕಣ, ಧನ ಆವೇಶದ ಬೀಟಾ

ಎಡಗಡೆ ಎರಡು ಪದಗಳಿದ್ದರೂ ವಿಧಾನ ಅದೇ. ಥೋರಿಯಂ-232 ಒಂದು ನ್ಯೂಟ್ರಾನನ್ನು ನುಂಗಿಕೊಂಡರೆ ಮೇಲೆ ಒಂದು ಹೆಚ್ಚುತ್ತದೆ, ಕೆಳಗೆ ಏನೂ ಇಲ್ಲ. ಆಮೇಲೆ ಎರಡು ಬೀಟಾ:

²³²₉₀Th + ¹₀n → ²³³₉₀Th

²³³₉₀Th → ²³³₉₁Pa + ⁰₋₁e

²³³₉₁Pa → ²³³₉₂U + ⁰₋₁e

ಕಡಲ ಮರಳಿನ ಥೋರಿಯಂ ಅಣು ಇಂಧನವಾಗುವುದು ಈ ಮೂರು ಸಾಲುಗಳಿಂದ. ಕಲ್ಪಾಕ್ಕಂನ ಕಾಮಿನಿ ಎಂಬ ಪುಟ್ಟ ರಿಯಾಕ್ಟರ್ ಯುರೇನಿಯಂ-233ರಿಂದಲೇ ನಡೆಯುತ್ತದೆ.

ಇನ್ನು ಪಾಸಿಟ್ರಾನ್, ಆವೇಶ +1 ಇರುವ ಎಲೆಕ್ಟ್ರಾನ್. ಆಸ್ಪತ್ರೆಗಳ ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಫ್ಲೋರಿನ್-18 ಇದನ್ನು ಬಿಡುತ್ತದೆ. ಇಲ್ಲಿ ಪ್ರೋಟಾನ್ ನ್ಯೂಟ್ರಾನ್ ಆಗುವುದರಿಂದ ಕೆಳಗಿನ ಅಂಕೆ ನಿಜವಾಗಿಯೂ ಇಳಿಯುತ್ತದೆ:

¹⁸₉F → ¹⁸₈O + ⁰₊₁e

ಪ್ರಶ್ನೆಯಲ್ಲಿ ಬರೀ ಬೀಟಾ ಎಂದಿದ್ದರೆ ಎಲೆಕ್ಟ್ರಾನ್ ಎಂದೇ ತಿಳಿಯಿರಿ, ಪಾಸಿಟ್ರಾನ್ ಆದರೆ ಹಾಗೆಂದು ಹೇಳಿರುತ್ತಾರೆ.

ಸರಿಹೊಂದಿದ ಸಮೀಕರಣ ಹೇಳದೆ ಬಿಡುವುದು

ಈ ಸಾಲನ್ನು ನೋಡಿ:

⁵⁶₂₆Fe → ⁵²₂₄Cr + ⁴₂He

ಮೇಲೆ 56, ಕೆಳಗೆ 26, ಎರಡೂ ಕಡೆ ಸರಿ. ಆದರೂ ಮನೆಯ ಕಬ್ಬಿಣದ ಮೊಳೆ ಎಂದೂ ಹೀಗೆ ಕ್ರೋಮಿಯಂ ಆಗುವುದಿಲ್ಲ. ದ್ರವ್ಯರಾಶಿ ಕೂಡಿ ನೋಡಿದರೆ ಕಾರಣ ಸಿಗುತ್ತದೆ: ಕಬ್ಬಿಣ 55.9349, ಕ್ರೋಮಿಯಂ 51.9405, ಹೀಲಿಯಂ 4.0026. ಬಲಗಡೆಯ ಮೊತ್ತ 55.9431, ಎಡಗಡೆಗಿಂತ ಹೆಚ್ಚು. ಥೋರಿಯಂನಲ್ಲಿ ಬಲಗಡೆ ಕಡಿಮೆಯಿತ್ತು, ಶಕ್ತಿ ಹೊರಬಂತು. ಇಲ್ಲಿ ಹೊರಗಿನಿಂದ ಶಕ್ತಿ ತಂದು ಸುರಿಯಬೇಕು, ತಾನಾಗಿ ನಡೆಯಲಾರದು. ಹಾಗಾಗಿ ಮೇಲೆ ಕೆಳಗೆ ಅಂಕೆ ಸರಿಯಿರುವುದು ಕ್ಷಯ ನಡೆಯಲು ಬೇಕೇಬೇಕು, ಆದರೆ ಅದೊಂದೇ ಸಾಲದು. ಯಾವ ನ್ಯೂಕ್ಲಿಯಸ್ ಯಾವ ಕ್ಷಯಕ್ಕೆ ಒಳಗಾಗುತ್ತದೆ ಎಂಬುದನ್ನು ಪ್ರಶ್ನೆಯೇ ಹೇಳಬೇಕು, ಇಲ್ಲವೇ ಕೋಷ್ಟಕದಲ್ಲಿ ನೋಡಬೇಕು.

ಎಷ್ಟು ಹೊತ್ತಿಗೆ ನಡೆಯುತ್ತದೆ ಎಂಬುದನ್ನಂತೂ ಸಮೀಕರಣ ಹೇಳುವುದೇ ಇಲ್ಲ. ನಮ್ಮ ಸರಣಿಯ ಮೊದಲ ಆಲ್ಫಾವನ್ನೂ ಕೊನೆಯ ಆಲ್ಫಾವನ್ನೂ ಅಕ್ಕಪಕ್ಕ ಇಟ್ಟು ನೋಡಿ:

²³²₉₀Th → ²²⁸₈₈Ra + ⁴₂He

²¹²₈₄Po → ²⁰⁸₈₂Pb + ⁴₂He

ಎರಡರಲ್ಲೂ ನಾಲ್ಕು ಹೋಗಿದೆ, ಎರಡು ಹೋಗಿದೆ, ಹಾಳೆಯ ಮೇಲೆ ಅವಳಿಗಳಂತಿವೆ. ಮೊದಲನೆಯದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಎರಡನೆಯದರದು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.